ನಲವತ್ತಕ್ಕೆ ಕಸುಬು ಬದಲಿಸುವವರು ರಾಜೀನಾಮೆ ಪತ್ರವನ್ನು ಕೊನೆಗೆ ಬರೆಯಿರಿ: ಕೋಲಾರದ ಒಂದು ಮನೆಯ ಲೆಕ್ಕದ ಜೊತೆ ಪೂರ್ತಿ ಮಾರ್ಗದರ್ಶಿ

ಕೋಲಾರದಲ್ಲಿ ನನ್ನದು ಲೆಕ್ಕ ಬರೆಯುವ, ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವ ಕೆಲಸ. ನಲವತ್ತರ ಆಸುಪಾಸಿನವರು ಫೈಲ್ ಹಿಡಿದು ಬರುತ್ತಲೇ ಇರುತ್ತಾರೆ. ಮಾಲೂರು, ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿಗಳಲ್ಲಿ ಹತ್ತು ಹನ್ನೆರಡು ವರ್ಷ ದುಡಿದವರೇ ಜಾಸ್ತಿ. ಎಲ್ಲರೂ ಎಡವುವುದು ಒಂದೇ ಕಡೆ. ಮೊದಲು ಕೆಲಸ ಬಿಡುತ್ತಾರೆ. ಆಮೇಲೆ ಪಿಎಫ್ ಎತ್ತುತ್ತಾರೆ. ಆ ದುಡ್ಡಲ್ಲಿ ಕೋರ್ಸಿಗೋ ಮಷೀನಿಗೋ ಕಟ್ಟುತ್ತಾರೆ. ಗಿರಾಕಿ ಎಲ್ಲಿದ್ದಾನೆ ಅಂತ ಹುಡುಕುವುದು ಕೊನೆಗೆ. ಈ ಸಾಲನ್ನು ಪೂರ್ತಿ ತಿರುಗಿಸಿ ಹಾಕಿದರೆ ಸರಿಯಾದ ಕ್ರಮ ಸಿಗುತ್ತದೆ.

ಉದಾಹರಣೆಗೆ ನಮ್ಮ ಭಾವನವರ ಲೆಕ್ಕವನ್ನೇ ಇಡುತ್ತೇನೆ, ಅವರು ಒಪ್ಪಿದ್ದಾರೆ. ವಯಸ್ಸು 41. ವಾಹನದ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ 12 ವರ್ಷ, ಕೊನೆಗೆ ಲೈನ್ ಸೂಪರ್‌ವೈಸರ್. ಕೈಗೆ ಬರುತ್ತಿದ್ದ ಸಂಬಳ 27,000. ಮನೆ ಕೋಲಾರ ತಾಲ್ಲೂಕಿನ ಹಳ್ಳಿಯಲ್ಲಿ. ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಇಬ್ಬರು ಮಕ್ಕಳು ಶಾಲೆಯಲ್ಲಿದ್ದಾರೆ.

ಹಂತ 1: ಮನೆ ನಡೆಯಲು ಎಷ್ಟು ಬೇಕು, ಮೊದಲು ಅದನ್ನು ಬರೆಯಿರಿ

ಬೇಕಾದದ್ದು ಒಂದು ನೋಟ್‌ಬುಕ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತೆ ಮನೆಯಾಕೆ ಅಥವಾ ಮನೆಯವರು ಪಕ್ಕದಲ್ಲಿ. ಒಬ್ಬರೇ ಕೂತು ಬರೆದ ಲೆಕ್ಕ ಯಾವತ್ತೂ ಕಮ್ಮಿಯೇ ಬರುತ್ತದೆ. ಭಾವ ಒಬ್ಬರೇ ಬರೆದಾಗ 15,000 ಬಂತು. ಅಕ್ಕ ಬಂದು ಕೂತ ಮೇಲೆ 21,500 ಆಯಿತು.

ರೇಷನ್, ಹಾಲು, ಗ್ಯಾಸಿಗೆ 7,000. ಶಾಲೆ ಫೀಸು ವರ್ಷದ್ದನ್ನು ಹನ್ನೆರಡರಿಂದ ಭಾಗಿಸಿದರೆ 4,000. ಪೆಟ್ರೋಲ್, ಫೋನ್, ಕರೆಂಟಿಗೆ 2,500. ಅತ್ತೆಯವರ ಬಿಪಿ, ಶುಗರ್ ಮಾತ್ರೆಗೆ 1,500. ಸಂಘದ ಕಂತು 3,000. ಒಡವೆ ಸಾಲದ ಬಡ್ಡಿ 1,000. ಎಲ್‌ಐಸಿ 1,000. ಮದುವೆ, ನಾಮಕರಣ, ಹಬ್ಬಕ್ಕೆ 1,500. ಈ ಕೊನೆಯ ಸಾಲನ್ನು ಗಂಡಸರು ಯಾರೂ ಬರೆಯುವುದಿಲ್ಲ. ಆದರೆ ಮುಯ್ಯಿ ಕೊಡದೆ ಊರಲ್ಲಿ ಇರೋಕಾಗಲ್ಲ ಅಲ್ವಾ?

ಅಕ್ಕನ ಹೊಲಿಗೆಯಿಂದ ಸರಾಸರಿ 5,000 ಬರುತ್ತದೆ. ಅಂದರೆ ಸಂಬಳ ನಿಂತ ದಿನದಿಂದ ತಿಂಗಳಿಗೆ 16,500 ಬೇರೆಲ್ಲಿಂದಲಾದರೂ ಬರಲೇಬೇಕು. ಮುಂದಿನ ಎಲ್ಲ ತೀರ್ಮಾನಗಳಿಗೂ ಅಳತೆಗೋಲು ಇದೇ ಸಂಖ್ಯೆ.

ಒಂದು ಖರ್ಚು ಹೊಸದಾಗಿ ಸೇರಿಕೊಳ್ಳುತ್ತದೆ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಸ್ವಂತ ಪಾಲಿಸಿಯನ್ನು ಕೆಲಸದಲ್ಲಿರುವಾಗಲೇ ಮಾಡಿಸಿ. ಅಪಘಾತ ಬಿಟ್ಟರೆ ಬೇರೆ ಕಾಯಿಲೆಗಳಿಗೆ ಮೊದಲ 30 ದಿನ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಮೊದಲೇ ಇರುವ ಶುಗರ್, ಬಿಪಿಯಂಥವಕ್ಕೆ ವರ್ಷಗಟ್ಟಲೆ ಕಾಯಬೇಕು. ಇದ್ದದ್ದನ್ನು ಮುಚ್ಚಿಟ್ಟು ಪಾಲಿಸಿ ಮಾಡಿಸಿದರೆ ಆಸ್ಪತ್ರೆ ಸೇರಿದ ದಿನ ಕ್ಲೇಮ್ ತಿರಸ್ಕಾರ ಆಗುತ್ತದೆ. ಭಾವನವರ ಮನೆಗೆ ವರ್ಷಕ್ಕೆ 18,000 ಎಂದು ತೆಗೆದಿಟ್ಟೆವು.

ಹಂತ 2: ಏನು ಕಲಿಯುವುದು ಎಂಬುದನ್ನು ಗಿರಾಕಿಯ ಕಡೆಯಿಂದ ನೋಡಿ

"ನನಗೇನು ಇಷ್ಟ" ಅಂತ ಶುರು ಮಾಡಿದವರು ನನ್ನ ಮೇಜಿನ ಮುಂದೆ ಗಂಟೆಗಟ್ಟಲೆ ಕೂತಿದ್ದಾರೆ. ನಾನು ಕೇಳುವುದು ಮೂರೇ ಪ್ರಶ್ನೆ. ಈ ಕೆಲಸಕ್ಕೆ ಯಾರು ದುಡ್ಡು ಕೊಡುತ್ತಾರೆ? ವರ್ಷದ ಯಾವ ತಿಂಗಳಲ್ಲಿ ಕೊಡುತ್ತಾರೆ? ನಿಮ್ಮ ಊರಿಂದ ಬೈಕಿನಲ್ಲಿ ಮುಕ್ಕಾಲು ಗಂಟೆಯೊಳಗೆ ಅಂಥವರು ಎಷ್ಟು ಜನ ಇದ್ದಾರೆ?

ಭಾವನವರ ತಲೆಯಲ್ಲಿ ಮೂರು ಯೋಚನೆ ಇದ್ದವು. ಮೊದಲನೆಯದು ಹತ್ತು ಹಸು ಕಟ್ಟುವುದು. ಹಾಲಿಗೆ ಡೇರಿ ಇದೆ, ಹದಿನೈದು ದಿನಕ್ಕೆ ಬಟವಾಡೆ ಬರುತ್ತದೆ, ಆ ಕಡೆ ಚೆನ್ನಾಗಿದೆ. ಆದರೆ ಇರುವ ಒಂದು ಎಕರೆಗೆ ನೀರಿಲ್ಲ. ಮೇವನ್ನು ಕೊಂಡು ಹಾಕಬೇಕು. ಬೇಸಿಗೆಯಲ್ಲಿ ಹಸಿ ಮೇವು ಕೊಳ್ಳುವವನಿಗೆ ಹಾಲಿನ ದುಡ್ಡು ಕೈಗೆ ಹತ್ತುವುದಿಲ್ಲ. ನೀರಿರುವವರಿಗೆ ಒಳ್ಳೆಯ ದಾರಿ, ಅವರಿಗಲ್ಲ.

ಎರಡನೆಯದು ಆನ್‌ಲೈನ್ ಕಂಪ್ಯೂಟರ್ ಕೋರ್ಸು. ಫೀಸು 1,80,000, ಕಂತಿನಲ್ಲಿ ಕಟ್ಟಬಹುದು, ಕೆಲಸ ಗ್ಯಾರಂಟಿ ಅಂತ ಫೋನ್ ಮೇಲೆ ಫೋನ್. ಒಪ್ಪಂದದ ಕಾಗದ ತರಿಸಿ ಓದಿದೆ. ಸಹಿ ಹಾಕಬೇಕಿದ್ದದ್ದು ಕೋರ್ಸಿನವರ ಜೊತೆಗಲ್ಲ, ಒಂದು ಫೈನಾನ್ಸ್ ಕಂಪನಿ ಜೊತೆ. ಅದು ಸಾಲ. ಕ್ಲಾಸು ನಿಂತರೂ, ಸಂಸ್ಥೆಯೇ ಮುಚ್ಚಿದರೂ ಕಂತು ನಿಲ್ಲುವುದಿಲ್ಲ. "ಇವತ್ತೇ ಸೇರಿದರೆ ಅರ್ಧ ಫೀಸು", "ಸಾಲ ಅಲ್ಲ ಸರ್, ಸುಮ್ನೆ ಈಎಂಐ ಅಷ್ಟೇ" ಎಂಬ ಮಾತು ಕೇಳಿದರೆ ಅಲ್ಲೇ ಫೋನ್ ಇಡಿ. ಕೆಲಸದ ಗ್ಯಾರಂಟಿ ಇದ್ದರೆ, ಹೋದ ಬ್ಯಾಚಿನಲ್ಲಿ ನಲವತ್ತು ದಾಟಿದ ಇಬ್ಬರ ಜೊತೆ ಮಾತಾಡಿಸಿ ಅಂತ ಕೇಳಿ. ನಾವು ಕೇಳಿದೆವು. ಆಮೇಲೆ ಅವರ ಫೋನ್ ಬರಲಿಲ್ಲ.

ಮೂರನೆಯದು ಬೋರ್‌ವೆಲ್ ಮೋಟರ್ ರೀವೈಂಡಿಂಗ್, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ ಕೊಡುವುದು. ಸಾವಿರ ಅಡಿ ದಾಟಿದ ಬೋರುಗಳು ನಮ್ಮ ಕಡೆ ಹೊಸದಲ್ಲ. ಓಲ್ಟೇಜ್ ಇಳಿದಾಗ, ಮೂರರಲ್ಲಿ ಒಂದು ಫೇಸ್ ಹೋದಾಗ, ನೀರು ಕೆಳಗಿಳಿದು ಮೋಟರ್ ಒಣಗಿ ಓಡಿದಾಗ ವೈಂಡಿಂಗ್ ಸುಡುತ್ತದೆ. ಟೊಮೆಟೊ ಗಿಡದಲ್ಲಿ ಕಾಯಿ ಇರುವಾಗ ಮೋಟರ್ ಸುಟ್ಟರೆ ರೈತ ನಾಳೆ ಅನ್ನುವುದಿಲ್ಲ. ಭಾವನಿಗೆ ಫ್ಯಾಕ್ಟರಿಯಲ್ಲಿ ಅಳತೆ, ಬೇರಿಂಗ್, ಫಿಟ್ಟಿಂಗ್ ಕೈಗೆ ಪಳಗಿತ್ತು. ಹಳೆಯ ಕಸುಬಿನ ಅರ್ಧದಷ್ಟಾದರೂ ಹೊಸ ಕಸುಬಿಗೆ ಹೊಂದಬೇಕು, ಇಲ್ಲದಿದ್ದರೆ ಇಪ್ಪತ್ತರ ಹುಡುಗನ ಜೊತೆ ಸೊನ್ನೆಯಿಂದ ಓಡಬೇಕಾಗುತ್ತದೆ.

ಹಂತ 3: ನಾಲ್ಕು ಭಾನುವಾರ ಅಂಗಡಿಗಳಲ್ಲಿ ಕೂತು ಬನ್ನಿ

ಇದನ್ನು ಬಿಟ್ಟವರೇ ಜಾಸ್ತಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮೂರಿನ ಅಂಗಡಿಗೆ ಹೋಗಬೇಡಿ. ನಾಳೆ ಪೈಪೋಟಿಗೆ ಬರುವವನಿಗೆ ಯಾರೂ ನಿಜ ಹೇಳುವುದಿಲ್ಲ. ಬೇರೆ ತಾಲ್ಲೂಕಿಗೆ ಹೋಗಿ. ಭಾವ ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆ ಹೋದರು. ಎಲ್ಲಿಂದ ಬಂದದ್ದು, ಯಾಕೆ ಬಂದದ್ದು ಅಂತ ಮುಚ್ಚಿಡಲಿಲ್ಲ. ಒಂದು ಟೀ ಕುಡಿಸಿದರೆ ಮೋಟರ್ ಅಂಗಡಿಯವರು ಧಾರಾಳವಾಗಿ ಮಾತಾಡುತ್ತಾರೆ.

"ವ್ಯಾಪಾರ ಹೇಗಿದೆ" ಅಂತ ಕೇಳಬೇಡಿ. "ಹಂಗೇ ನಡೀತೈತೆ" ಅನ್ನುತ್ತಾರೆ, ಅಷ್ಟೇ. ಮಾರ್ಚಿನಲ್ಲಿ ಎಷ್ಟು ಮೋಟರ್ ಬಂದವು, ಆಗಸ್ಟಿನಲ್ಲಿ ಎಷ್ಟು ಅಂತ ಕೇಳಿ. ಮೋಟರ್ ತಂದು ಹಾಕುವವರು ಯಾರು ಅಂತ ಕೇಳಿ. ಈಗ ಪುಸ್ತಕದಲ್ಲಿ ಉದ್ರಿ ಎಷ್ಟಿದೆ ಅಂತಲೂ ಕೇಳಿ.

ಈ ಮೂರು ಪ್ರಶ್ನೆಯಿಂದ ಭಾವನಿಗೆ ಸಿಕ್ಕಿದ್ದು ಯಾವ ಕೋರ್ಸಿನಲ್ಲೂ ಹೇಳಿಕೊಡದ ವಿಷಯ. ಒಂದು, ಈ ಕಸುಬಿನ ಸುಗ್ಗಿ ಫೆಬ್ರವರಿಯಿಂದ ಮೇ. ಮಳೆ ಹಿಡಿದರೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಎರಡು, ನಿಜವಾದ ಗಿರಾಕಿ ರೈತ ಅಲ್ಲ. ಬೋರಿನಿಂದ ಪೈಪು, ಮೋಟರ್ ಎತ್ತುವ ಗ್ಯಾಂಗಿನ ಮೇಸ್ತ್ರಿ. ಸುಟ್ಟ ಮೋಟರ್ ಯಾವ ಅಂಗಡಿಗೆ ಹೋಗಬೇಕು ಅಂತ ತೀರ್ಮಾನಿಸುವವನು ಅವನೇ. ಮೂರು ನಾಲ್ಕು ಗ್ಯಾಂಗು ಕೈಯಲ್ಲಿಲ್ಲದೆ ಬೋರ್ಡು ಹಾಕಿದರೆ ನೊಣ ಹೊಡೆಯಬೇಕಾಗುತ್ತದೆ. ಮೂರು, ದುಡ್ಡು ಬರುವುದು ಟೊಮೆಟೊ ಮಂಡಿಯಲ್ಲಿ ಮಾರಿದ ಮೇಲೆ. ರೇಟು ಬಿದ್ದರೆ ಉದ್ರಿ ಹಾಗೇ ಕೂರುತ್ತದೆ.

ನಿಮ್ಮದು ಬೇರೆ ಕಸುಬಾಗಿದ್ದರೂ ಈ ಮೂರನ್ನೇ ಹುಡುಕಿ: ಸುಗ್ಗಿ ಯಾವಾಗ, ಕೆಲಸ ತಂದು ಹಾಕುವವನು ಯಾರು, ದುಡ್ಡು ಎಷ್ಟು ದಿನಕ್ಕೆ. ಉತ್ತರ ಸಿಗದಿದ್ದರೆ ಇನ್ನೊಂದು ಭಾನುವಾರ ಹೋಗಿ, ಮುಂದಿನ ಹಂತಕ್ಕೆ ಬರಬೇಡಿ.

ಹಂತ 4: ಸಂಬಳ ಬರುತ್ತಿರುವಾಗಲೇ ಕಲಿಯಿರಿ

ಜಿಲ್ಲೆಗೊಂದರಂತೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ ಇದೆ. ಜನ ಆರ್‌ಸೆಟಿ ಅನ್ನುತ್ತಾರೆ. ಮೋಟರ್ ರೀವೈಂಡಿಂಗ್, ಫ್ರಿಜ್ಜು-ಎಸಿ ರಿಪೇರಿ, ಸಿಸಿಟಿವಿ, ಹೊಲಿಗೆ, ಹೈನುಗಾರಿಕೆ ಇಂಥ ತರಬೇತಿಗಳು ಅಲ್ಲಿ ನಡೆಯುತ್ತವೆ. ಊಟ, ವಸತಿ ಸಮೇತ ಉಚಿತ. ವಾರವೋ ಹತ್ತು ದಿನವೋ ಮುಗಿಯುವವು ಇವೆ, ರೀವೈಂಡಿಂಗ್‌ನಂಥವು ತಿಂಗಳ ಲೆಕ್ಕದಲ್ಲಿ. ಸೇರುವ ಮುಂಚೆ ಎರಡು ವಿಷಯ ವಿಚಾರಿಸಿ: ನಿಮ್ಮ ಕಸುಬಿನ ಮುಂದಿನ ಬ್ಯಾಚು ಯಾವಾಗ, ವಯಸ್ಸಿನ ಮಿತಿ ಎಷ್ಟು. ನಲವತ್ತೈದಕ್ಕೆ ಗೆರೆ ಎಳೆಯುವ ತರಬೇತಿಗಳಿವೆ, ಹಾಗಾಗಿ ಮುಂದೂಡಬೇಡಿ.

ಭಾವ ಆಗಸ್ಟಿನಲ್ಲಿ ಉಳಿಸಿಟ್ಟ 22 ದಿನ ರಜೆ ಹಾಕಿದರು. ಉಳಿದ ದಿನಗಳಿಗೆ ಸಂಬಳ ಕಡಿತ ಆಯಿತು. ಅದನ್ನೇ ಫೀಸು ಅಂದುಕೊಂಡರು.

ತಿಂಗಳ ತರಬೇತಿಯಿಂದ ಕಸುಬು ಗೊತ್ತಾಗುತ್ತದೆ, ಕೈಗೆ ಬರುವುದಿಲ್ಲ. ಆದ್ದರಿಂದ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಪ್ರತಿ ಭಾನುವಾರ ಚಿಂತಾಮಣಿ ಕಡೆಯ ಒಂದು ಅಂಗಡಿಯಲ್ಲಿ ಸಂಬಳವಿಲ್ಲದೆ ಕೂತರು. ಎರಡನೇ ವಾರ ಒಂದು ಎಡವಟ್ಟು. ಬೋರಿನೊಳಗಿನ ಮೋಟರ್ ನೀರು ತುಂಬಿಕೊಂಡೇ ಓಡುವಂಥದ್ದು. ಅದಕ್ಕೇ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ಫ್ಯಾನಿನ ವಾರ್ನಿಷ್ ತಂತಿ ಇಲ್ಲಿ ನಡೆಯಲ್ಲ. ತಂತಿಯನ್ನು ಸ್ಲಾಟಿನೊಳಗೆ ತಳ್ಳುವಾಗ ಕೈ ಸೋತು ಸ್ಕ್ರೂಡ್ರೈವರಿನಲ್ಲಿ ಒತ್ತಿದರು. ಹೊದಿಕೆ ಕೂದಲೆಳೆಯಷ್ಟು ಗೀರಿತ್ತು. ಒಣಗಿದ್ದಾಗ, ಹೊದಿಕೆ ಸರಿಯಿದೆಯಾ ಅಂತ ತೋರಿಸುವ ಮೆಗ್ಗರ್ ಮೀಟರ್ ಹಿಡಿದರೆ ಎಲ್ಲ ಸರಿ. ರಾತ್ರಿಯೆಲ್ಲ ಡ್ರಮ್ಮಿನ ನೀರಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ನೋಡಿದರೆ ಮುಳ್ಳು ಸೊನ್ನೆಗೆ ಬಿದ್ದಿತ್ತು. ಇಡೀ ವೈಂಡಿಂಗ್ ಬಿಚ್ಚಬೇಕಾಯಿತು. ಅಂಗಡಿಯವರು ಬೈಯಲಿಲ್ಲ. "ಕನ್ನಡಕ ಹಾಕ್ಕಳಿ ಸಾರ್ ಮೊದಲು" ಅಂದರಂತೆ.

ನಿಜ, ನಲವತ್ತಕ್ಕೆ ಹತ್ತಿರದ ದೃಷ್ಟಿ ಮಂಜಾಗಲು ಶುರುವಾಗಿರುತ್ತದೆ, ನಮಗೇ ಗೊತ್ತಿರುವುದಿಲ್ಲ. ಕೈಕೆಲಸ ಕಲಿಯುವ ಯಾರೇ ಆಗಲಿ, ಮೊದಲು ಕಣ್ಣು ತೋರಿಸಿ. ಮಂಡಿನೋವು, ಬೆನ್ನುನೋವು ಇರುವವರು ದಿನವಿಡೀ ನೆಲದ ಮೇಲೆ ಕೂರುವ ಅಥವಾ ಭಾರ ಎತ್ತುವ ಕಸುಬು ಆಯ್ದುಕೊಳ್ಳಬೇಡಿ.

ಬೇರೆಯವರ ಸಹಾಯವಿಲ್ಲದೆ ಹತ್ತು ಮೋಟರ್ ಕಟ್ಟಿ, ಹತ್ತೂ ನೀರಿನ ಪರೀಕ್ಷೆಯಲ್ಲಿ ಪಾಸಾದ ಮೇಲೆ ಕಲಿತದ್ದಾಯಿತು ಅಂತ ಇಟ್ಟುಕೊಂಡೆವು. ಸರ್ಟಿಫಿಕೇಟು ಬ್ಯಾಂಕಿಗೆ ತೋರಿಸಲು ಬೇಕು, ಅಷ್ಟೇ. ಇನ್ನೊಂದು ಮಾತು. ಮನೆ ವೈರಿಂಗ್ ಗುತ್ತಿಗೆ ಹಿಡಿಯಬೇಕಾದರೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇಕು. ಮೋಟರ್ ಕಟ್ಟಲು ಕಲಿತವನು ವೈರಿಂಗಿಗೂ ಕೈ ಹಾಕುವುದು ಬೇಡ.

ಹಂತ 5: ದುಡ್ಡನ್ನು ಎರಡು ಡಬ್ಬಿಯಲ್ಲಿ ಇಡಿ

ಮನೆ ಖರ್ಚಿನ ದುಡ್ಡು ಬೇರೆ, ಅಂಗಡಿಯ ದುಡ್ಡು ಬೇರೆ. ಮನೆಯದ್ದು ಸ್ವಂತ ಉಳಿತಾಯದಿಂದ ಬರಬೇಕು. ಅಂಗಡಿಯದ್ದಕ್ಕೆ ಸಾಲ ಮಾಡಬಹುದು. ಸಾಲದಲ್ಲಿ ಊಟ ಮಾಡಲು ಶುರುವಾದರೆ ಕೆಲಸ ಕೆಟ್ಟಂತೆ.

ಮನೆಯ ಡಬ್ಬಿಗೆ ಮೊದಲು ಗ್ರಾಚ್ಯುಟಿ ಲೆಕ್ಕ ಹಾಕಿ. ಐದು ವರ್ಷ ಪೂರೈಸಿದವರಿಗೆ ಅದು ಹಕ್ಕು. ಕೊನೆಯ ಮೂಲ ವೇತನ ಮತ್ತು ಡಿಎ ಸೇರಿಸಿ 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. ಭಾವನವರದು 14,000. ಹನ್ನೆರಡು ವರ್ಷಕ್ಕೆ ಸುಮಾರು 96,900. ಚೀಟಿ ಮತ್ತು ಬ್ಯಾಂಕಿನಲ್ಲಿ 90,000. ಒಟ್ಟು 1,86,900. ವಿಮೆಗೆ 18,000, ಸಾಲಕ್ಕೆ ಸ್ವಂತ ಪಾಲು 20,000 ತೆಗೆದರೆ 1,48,900 ಉಳಿಯಿತು. ತಿಂಗಳಿಗೆ 16,500ರಂತೆ ಒಂಬತ್ತು ತಿಂಗಳಿಗೆ 1,48,500. ನಾನೂರು ರೂಪಾಯಿ ಮಿಕ್ಕಿತು, ಅಕ್ಕ ಅದಕ್ಕೆ ಹೂವು ತರುತ್ತೇನೆ ಅಂದಳು. ನನ್ನ ಪ್ರಕಾರ ಒಂಬತ್ತು ತಿಂಗಳೇ ಕನಿಷ್ಠ. ಆರಕ್ಕೆ ಇಳಿಸಿಕೊಂಡು ಹೊರಟವರು ನಾಲ್ಕನೇ ತಿಂಗಳಿಗೆ ಒಡವೆ ತೆಗೆದುಕೊಂಡು ಹೋಗುವುದನ್ನು ನೋಡಿದ್ದೇನೆ.

ಪಿಎಫ್ ಅನ್ನು ಈ ಲೆಕ್ಕಕ್ಕೆ ಸೇರಿಸಲಿಲ್ಲ, ನೀವೂ ಸೇರಿಸಬೇಡಿ. ಕೆಲಸ ಬಿಟ್ಟ ಮೇಲೆ ಎಷ್ಟು ಭಾಗ, ಎಷ್ಟು ತಿಂಗಳಿಗೆ ಸಿಗುತ್ತದೆ ಎಂಬ ನಿಯಮ ಬದಲಾಗುತ್ತಿರುತ್ತದೆ. ಐದು ವರ್ಷದೊಳಗಿನ ಸೇವೆಯಾದರೆ 50,000 ದಾಟಿದ ಮೊತ್ತಕ್ಕೆ ತೆರಿಗೆಯೂ ಕಡಿತವಾಗುತ್ತದೆ. ಪಿಂಚಣಿಯ ಭಾಗ ಹತ್ತು ವರ್ಷ ದಾಟಿದವರಿಗೆ ನಗದಾಗಿ ಸಿಗುವುದಿಲ್ಲ, ವಯಸ್ಸಾದ ಮೇಲೆ ಪಿಂಚಣಿಯಾಗಿಯೇ ಬರುತ್ತದೆ. ಅದು ಕೊನೆಯ ಕೈಬಂಡವಾಳ. ಇದ್ದಲ್ಲೇ ಇರಲಿ.

ಅಂಗಡಿಯ ಡಬ್ಬಿಗೆ ಎರಡು ಮುಖ್ಯ ದಾರಿ. ಚಿಕ್ಕದಾಗಿ ಶುರು ಮಾಡುವವರಿಗೆ ಮುದ್ರಾ ಸಾಲ. ಶಿಶು ವಿಭಾಗದಲ್ಲಿ 50,000ದವರೆಗೆ, ಕಿಶೋರ್‌ನಲ್ಲಿ 5 ಲಕ್ಷದವರೆಗೆ, ಅಡಮಾನ ಇಲ್ಲ. ಆದರೆ ಸಬ್ಸಿಡಿಯೂ ಇಲ್ಲ. ಸಬ್ಸಿಡಿ ಬೇಕಾದರೆ ಪಿಎಂಇಜಿಪಿ ಎಂಬ ಕೇಂದ್ರ ಸರ್ಕಾರದ ಸ್ವಂತ ಉದ್ಯೋಗ ಯೋಜನೆ. ಇದರ ಅರ್ಜಿ ಆನ್‌ಲೈನ್, ವಿಚಾರಿಸಬೇಕಾದದ್ದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ. ಈಗ ಯೋಜನೆ ನಡೆಯುತ್ತಿದೆಯಾ, ಈ ವರ್ಷದ ಗುರಿಯಲ್ಲಿ ಜಾಗ ಉಳಿದಿದೆಯಾ ಅಂತ ಮೊದಲು ಕೇಳಿ.

ಹಳ್ಳಿಯಲ್ಲಿ ಘಟಕ ಹಾಕುವ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ 25%, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು ಮೊದಲಾದವರಿಗೆ 35% ಸಬ್ಸಿಡಿ. ಪಟ್ಟಣದಲ್ಲಾದರೆ 15% ಮತ್ತು 25%. ಸ್ವಂತ ಪಾಲು ಸಾಮಾನ್ಯರಿಗೆ 10%, ಉಳಿದವರಿಗೆ 5%. ಭಾವನವರದು ಹಿಂದುಳಿದ ವರ್ಗ, ಅಂಗಡಿ ಹಳ್ಳಿಯ ಗೇಟಿನಲ್ಲಿ. ಯೋಜನೆ 4,00,000 ಅಂತ ಬರೆದೆ. ಸ್ವಂತ ಪಾಲು 20,000, ಬ್ಯಾಂಕ್ ಸಾಲ 3,80,000, ಅದರಲ್ಲಿ ಸಬ್ಸಿಡಿ 1,40,000.

ಜನ ತಪ್ಪು ತಿಳಿಯುವುದು ಇಲ್ಲೇ. ಆ 1,40,000 ಕೈಗೆ ಬರುವುದಿಲ್ಲ. ನಿಮ್ಮ ಹೆಸರಿನಲ್ಲಿ ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಅಷ್ಟು ಮೊತ್ತಕ್ಕೆ ಸಾಲದ ಮೇಲೆ ಬಡ್ಡಿ ಹಾಕುವುದಿಲ್ಲ. ಘಟಕ ನಡೆಯುತ್ತಿದೆ ಅಂತ ಪರಿಶೀಲನೆ ಆದ ಮೇಲೆ ಸಾಲಕ್ಕೆ ಜಮೆ. ನಡುವೆ ಬಾಗಿಲು ಹಾಕಿದರೆ ಅದು ಹೋಯಿತು. ಹಾಗಾಗಿ ನಿಜವಾಗಿ ತೀರಿಸಬೇಕಾದ ಸಾಲ 2,40,000. ಬಡ್ಡಿ 11% ಹಿಡಿದರೆ ಐದು ವರ್ಷಕ್ಕೆ ತಿಂಗಳ ಹೊರೆ ಸುಮಾರು 5,200.

ಇನ್ನೆರಡು ಎಚ್ಚರಿಕೆ. ಈ ಯೋಜನೆ ಹೊಸ ಘಟಕಕ್ಕೆ ಮಾತ್ರ. ಸಾಲ ಮಂಜೂರಾಗುವ ಮುಂಚೆಯೇ ಮಷೀನ್ ತಂದು ಬೋರ್ಡು ಹಾಕಿ ಪೂಜೆ ಮಾಡಿದರೆ ಅರ್ಜಿ ಬಿದ್ದುಹೋಗುತ್ತದೆ. ಮತ್ತೆ, "ಸಬ್ಸಿಡಿ ಮಾಡಿಸಿಕೊಡ್ತೀನಿ, ನನಗೆ ಹತ್ತು ಪರ್ಸೆಂಟ್" ಅನ್ನುವ ಏಜೆಂಟನ ಕೈಗೆ ಆಧಾರ್, ಓಟಿಪಿ ಕೊಡಬೇಡಿ. ಪ್ರಾಜೆಕ್ಟ್ ರಿಪೋರ್ಟಿಗೆ ನನ್ನಂಥವರಿಗೆ ಒಂದು ಸಣ್ಣ ಕೂಲಿ ಕೊಡಿ, ಅದಕ್ಕಿಂತ ಜಾಸ್ತಿ ಯಾರಿಗೂ ಬೇಡ.

ಹಂತ 6: ಮಂಜೂರಾತಿ ಪತ್ರ ಬಂದ ಮೇಲೆ ರಾಜೀನಾಮೆ

ಸೆಪ್ಟೆಂಬರಿನಲ್ಲಿ ಹಾಕಿದ ಅರ್ಜಿಗೆ ನವೆಂಬರ್ ಕೊನೆಗೆ ಬ್ಯಾಂಕಿನ ಪತ್ರ ಬಂತು. ಬೇಗ ಬಂತು ಅಂತಲೇ ಹೇಳಬೇಕು. ಅದೇ ವಾರ ರಾಜೀನಾಮೆ, ಒಂದು ತಿಂಗಳ ನೋಟಿಸ್, ಡಿಸೆಂಬರ್ ಕೊನೆಗೆ ಬಿಡುಗಡೆ. ಸಂಕ್ರಾಂತಿ ಮುಗಿಸಿ ಅಂಗಡಿ. ಸುಗ್ಗಿಗೆ ಸರಿಯಾಗಿ ಹದಿನೈದು ದಿನ ಮುಂಚೆ. ಪತ್ರ ಮಾರ್ಚಿನಲ್ಲಿ ಬಂದಿದ್ದರೆ ಇನ್ನೊಂದು ವರ್ಷ ಅಲ್ಲೇ ಕೆಲಸ ಮಾಡಿ ಅಂತ ಹೇಳುತ್ತಿದ್ದೆ. ಜೂನಿನಲ್ಲಿ ಮೋಟರ್ ಅಂಗಡಿ ತೆರೆಯುವುದು ಮಾವಿನ ಸುಗ್ಗಿ ಮುಗಿದ ಮೇಲೆ ಬುಟ್ಟಿ ಮಾರಲು ಹೋದಂತೆ.

ಬಿಡುವ ಮುಂಚೆ ಪಿಎಫ್ ಖಾತೆಯಲ್ಲಿ ಹೆಸರು, ಹುಟ್ಟಿದ ದಿನ ಆಧಾರ್‌ಗೆ ತಾಳೆಯಾಗುತ್ತದಾ ನೋಡಿ. ತಿದ್ದಬೇಕಿದ್ದರೆ ಒಳಗಿರುವಾಗಲೇ ಎಚ್‌ಆರ್‌ನಿಂದ ಮಾಡಿಸಿ, ಹೊರಗೆ ಬಂದ ಮೇಲೆ ಅವರು ಫೋನ್ ಎತ್ತುವುದಿಲ್ಲ. ಗ್ರಾಚ್ಯುಟಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಮೂವತ್ತು ದಿನದೊಳಗೆ ಕೊಡಬೇಕೆಂಬುದು ಕಾನೂನು. ಅನುಭವ ಪತ್ರ, ಬಿಡುಗಡೆ ಪತ್ರ ಮರೆಯಬೇಡಿ. ಜಗಳ ಮಾಡಿಕೊಂಡು ಬರಬೇಡಿ, ಯಾಕೆ ಅನ್ನುವುದು ಕೊನೆಯ ಹಂತದಲ್ಲಿದೆ.

ಹಂತ 7: ಮೊದಲ ಒಂಬತ್ತು ತಿಂಗಳು ಏನು ನೋಡುತ್ತಿರಬೇಕು

ಭಾವನ ಅಂಗಡಿಗೆ ಮೂರನೇ ತಿಂಗಳಲ್ಲಿ 14 ಮೋಟರ್ ಬಂದವು. ಕೆಲಸ ಇತ್ತು, ಡಬ್ಬಿ ಖಾಲಿ. ಪುಸ್ತಕದಲ್ಲಿ 31,000 ಉದ್ರಿ. ತಾಮ್ರದ ತಂತಿಯನ್ನು ಅಂಗಡಿಯವನು ಉದ್ರಿ ಕೊಡುವುದಿಲ್ಲ, ನಗದು. ಮುಂದಿನ ಮೋಟರಿಗೆ ತಂತಿ ತರಲು ಮನೆಯ ಡಬ್ಬಿಗೆ ಕೈ ಹಾಕಿದ್ದರು. ಅಕ್ಕ ನನಗೆ ಫೋನ್ ಮಾಡಿದಳು.

ಅವತ್ತು ಒಂದು ನಿಯಮ ಮಾಡಿದೆವು. ತಂತಿಯ ದುಡ್ಡು ಮೋಟರ್ ಇಳಿಸುವಾಗಲೇ ಕೊಡಬೇಕು. ಕೂಲಿ ಬೇಕಾದರೆ ಟೊಮೆಟೊ ಮಾರಿದ ಮೇಲೆ. ಮೂರು ಗ್ಯಾಂಗಿನವರಲ್ಲಿ ಒಬ್ಬ ಮುನಿಸಿಕೊಂಡು ಬೇರೆ ಅಂಗಡಿಗೆ ಹೋದ. ಉಳಿದಿಬ್ಬರು ಒಪ್ಪಿದರು. ಪುಸ್ತಕ ಬರೆಯುವ ಕೆಲಸ ಅಕ್ಕನಿಗೆ ಬಂತು. ಉದ್ರಿ ಕೇಳಲು ಭಾವನಿಗೆ ಸಂಕೋಚ, ಅವಳಿಗಿಲ್ಲ.

ಗಮನಿಸಬೇಕಾದ ಅಪಾಯದ ಗುರುತು ಮೂರು. ಕಟ್ಟಿಕೊಟ್ಟ ಮೋಟರ್ ತಿಂಗಳೊಳಗೆ ವಾಪಸು ಬರುವುದು ಒಂದು. ಹತ್ತಕ್ಕೆ ಒಂದಾದರೆ ಕಾರಣ ಹುಡುಕಿ, ಎರಡಾದರೆ ಹೊಸ ಕೆಲಸ ನಿಲ್ಲಿಸಿ ಮತ್ತೆ ಗುರುವಿನ ಹತ್ತಿರ ಹೋಗಿ. ಎರಡನೆಯದು, ಉದ್ರಿ ಎರಡು ತಿಂಗಳ ಮನೆ ಖರ್ಚನ್ನು ದಾಟುವುದು. ಮೂರನೆಯದು, ಅಂಗಡಿ ಡಬ್ಬಿಯಿಂದ ಮನೆಗೆ ಅಥವಾ ಮನೆಯಿಂದ ಅಂಗಡಿಗೆ "ಈ ಒಂದು ಸಲ" ಅಂತ ದುಡ್ಡು ಹೋಗುವುದು.

ಮಳೆಗಾಲಕ್ಕೆ ಪರ್ಯಾಯ ಮೊದಲೇ ಇರಲಿ. ಭಾವ ಮಿಕ್ಸಿ, ಗ್ರೈಂಡರ್, ಫ್ಯಾನು ಹಿಡಿದರು. ಪಂಚಾಯಿತಿಯ ಕುಡಿಯುವ ನೀರಿನ ಮೋಟರ್ ವರ್ಷವಿಡೀ ಸುಡುತ್ತದೆ, ಆದರೆ ಬಿಲ್ಲು ಪಾಸಾಗುವಷ್ಟರಲ್ಲಿ ಮುಂದಿನ ಬೇಸಿಗೆ ಬಂದಿರುತ್ತದೆ. ಒಂದೆರಡು ಸಾಕು.

ಕೊನೆಯದಾಗಿ, ಅಂಗಡಿ ತೆರೆಯುವ ದಿನವೇ ನಿಲ್ಲಿಸುವ ದಿನವನ್ನೂ ಬರೆದಿಡಿ. ನಾವು ಬರೆದದ್ದು ಸೆಪ್ಟೆಂಬರ್ 30. ಅಷ್ಟರೊಳಗೆ ಕಂತು, ಬಾಡಿಗೆ, ತಂತಿ ಎಲ್ಲ ಕಳೆದು ಮೂರು ತಿಂಗಳ ಸರಾಸರಿ 16,500 ಮುಟ್ಟದಿದ್ದರೆ ಮತ್ತೆ ಕೆಲಸ ಹುಡುಕುವುದು. ಅದೂ ಲೈನ್ ಸೂಪರ್‌ವೈಸರ್ ಆಗಿ ಅಲ್ಲ, ಮೆಂಟೆನೆನ್ಸ್ ವಿಭಾಗಕ್ಕೆ, ಕೈಯಲ್ಲಿ ಹೊಸ ಕಸುಬು ಇಟ್ಟುಕೊಂಡು. ಜಗಳವಿಲ್ಲದೆ ಬಂದಿದ್ದರೆ ಹಳೆಯ ಫ್ಯಾಕ್ಟರಿಯ ಬಾಗಿಲನ್ನೂ ತಟ್ಟಬಹುದು.

ಜುಲೈ, ಆಗಸ್ಟ್, ಸೆಪ್ಟೆಂಬರ್ ಸರಾಸರಿ 17,200 ಬಂತು. ಗೆರೆ ದಾಟಿತು, ಏಳುನೂರು ರೂಪಾಯಿಯಲ್ಲಿ. ಅದರಲ್ಲಿ ಮಿಕ್ಸಿ, ಗ್ರೈಂಡರಿನದ್ದೇ ಅರ್ಧ. ಈ ಫೆಬ್ರವರಿಗೆ ಒಂದು ಹುಡುಗನನ್ನು ಇಟ್ಟುಕೊಳ್ಳಲಾ ಅಂತ ಭಾವ ಕೇಳಿದ್ದಾರೆ. ಉದ್ರಿ ಪುಸ್ತಕ ತಂದು ತೋರಿಸಿ, ಆಮೇಲೆ ಹೇಳುತ್ತೇನೆ ಅಂದಿದ್ದೇನೆ.